ನನ್ನ ಸೊಸೆ ಬರೆದುಕೊಟ್ಟ ಮುಂಗಡದ ಅರ್ಜಿ

ಜೂನ್ ಇಪ್ಪತ್ತನೆಯ ತಾರೀಖು, ಶುಕ್ರವಾರ, ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ನೌಕರರೊಬ್ಬರು ಸಂಬಳದ ಮುಂಗಡ ಕೋರಿ ಸಲ್ಲಿಸಿದ್ದ ಅರ್ಜಿಯನ್ನು ಸಿಬ್ಬಂದಿ ಅಧಿಕಾರಿಗಳು ಹಿಂದಿರುಗಿಸಿದರು. ಅರ್ಜಿಯ ಎಡ ಅಂಚಿನಲ್ಲಿ ಕೆಂಪು ಶಾಯಿಯಲ್ಲಿದ್ದ ಷರಾ ಇಷ್ಟು: "ಭಾಷೆ ಅರ್ಜಿದಾರರದ್ದಲ್ಲ. ಸ್ವಂತ ಮಾತಿನಲ್ಲಿ ಬರೆದು ತರುವುದು."

ಕೇಳಿದ ಮೊತ್ತ ಹೆಚ್ಚಾಯಿತೆಂದು ಹಿಂದಿರುಗಿಸಲಿಲ್ಲ. ಕಾರಣ ಸಾಲದೆಂದಾಗಲಿ, ದಾಖಲೆ ಕಡಿಮೆಯೆಂದಾಗಲಿ ಹೇಳಲಿಲ್ಲ. ಅರ್ಜಿ ಚೆನ್ನಾಗಿದೆ, ಆದ್ದರಿಂದ ಅದು ನಿನ್ನದಲ್ಲ ಎಂಬುದೊಂದೇ ಆಕ್ಷೇಪ. ಇದೇ ಅಧಿಕಾರಿಗಳು ಅದಕ್ಕೆ ಹಿಂದಿನ ವಾರವಷ್ಟೇ ಇದೇ ನೌಕರರ ಸ್ವಂತ ಮಾತನ್ನು ಲಾಂಡ್ರಿಯವರೆಲ್ಲ ಇರುವ ಮೊಬೈಲ್ ಗುಂಪಿಗೆ ಹಾಕಿ ನಗೆಪಾಟಲು ಮಾಡಿದ್ದರು. ಸ್ವಂತ ಮಾತಿನಲ್ಲಿ ಕೇಳಿದರೆ ನಗು, ಸರಿಯಾಗಿ ಬರೆದು ಕೇಳಿದರೆ ಅನುಮಾನ. ಹಾಗಾದರೆ ಆ ಮನುಷ್ಯ ಕೇಳಬೇಕಾದದ್ದು ಹೇಗೆ?

ಅರ್ಜಿಯನ್ನು ಬರೆದುಕೊಟ್ಟವಳು ನನ್ನ ಸೊಸೆ. ನಾನು ಬೇರೊಂದು ಸಂಸ್ಥೆಯ ಸಿಬ್ಬಂದಿ ಶಾಖೆಯಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ಇಂತಹ ಅರ್ಜಿಗಳನ್ನು ಓದಿ ಓದಿಯೇ ನನ್ನ ಕನ್ನಡಕ ದಪ್ಪವಾದದ್ದು. ಸೊಸೆಯ ಬಗ್ಗೆ ಮಾವ ಬರೆದರೆ ಪಕ್ಷಪಾತವೆಂದು ಜನ ಅಂದಾರು. ಅನ್ನಲಿ. ನಾನು ಕಣ್ಣಾರೆ ಕಂಡದ್ದನ್ನು ಕಂಡಂತೆಯೂ, ಕೇಳಿ ತಿಳಿದದ್ದನ್ನು ಯಾರಿಂದ ಕೇಳಿದೆನೆಂಬುದರೊಂದಿಗೂ ಬರೆಯುತ್ತೇನೆ.

ನಮ್ಮ ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಮೇಜಿನವಳು. ಲಾಂಡ್ರಿ ಇರುವುದು ಕಟ್ಟಡದ ಹಿಂಭಾಗದ ನೆಲಮಾಳಿಗೆಯಲ್ಲಿ. ವಾರ್ಡುಗಳ ಹಾಸಿಗೆ ಚಾದರಗಳು ಒಂದು ಕಡೆಯಿಂದ ಮೂಟೆ ಮೂಟೆಯಾಗಿ ಬಂದು, ಒಗೆಯುವ ಯಂತ್ರದಲ್ಲಿ ಉರುಳಿ, ಬಿಸಿ ಉರುಳೆಗಳ ನಡುವೆ ಹಾದು, ಇನ್ನೊಂದು ಕಡೆ ಬಿಸಿ ಹಪ್ಪಳದಂತೆ ಗರಿಗರಿಯಾಗಿ ಹೊರಬರುತ್ತವೆ. ಆ ಉರುಳೆಗಳಿಗೆ ಹಬೆ ಕೊಡುವ ಬಾಯ್ಲರ್ ಪಕ್ಕದ ಕೋಣೆಯಲ್ಲಿದೆ. ಅಲ್ಲಿ ಯಾರೂ ಮೆಲ್ಲಗೆ ಮಾತನಾಡುವಂತಿಲ್ಲ; ಆಡಿದರೂ ಕೇಳಿಸುವುದಿಲ್ಲ. ನಮ್ಮ ಮನೆಯಲ್ಲಿ ಆಕೆ ಉಪ್ಪಿನ ಡಬ್ಬಿ ಕೇಳಿದರೂ ಪಕ್ಕದ ಮನೆಯವರು ಎತ್ತಿಕೊಡಬಹುದು, ಹಾಗಿದೆ ಕಂಠ.

ಆಕೆ ಹತ್ತನೆಯ ತರಗತಿಯವರೆಗೆ ಓದಿದವಳು. ಅರ್ಜಿ ಬರೆಯುವ ಕೆಲಸಕ್ಕೆ ಇಳಿದದ್ದು ತನ್ನದೇ ಕಷ್ಟದಿಂದ. ಕೆಲವು ವರ್ಷಗಳ ಹಿಂದೆ ನನ್ನ ಮಗ, ಲಿಫ್ಟ್ ರಿಪೇರಿ ಮಾಡುವವನು, ಏಣಿಯಿಂದ ಜಾರಿ ಪಾದದ ಗಂಟು ಮುರಿದುಕೊಂಡ. ಆಕೆ ಲಾಂಡ್ರಿಯ ಮೇಲ್ವಿಚಾರಕರನ್ನು ಕಾರಿಡಾರಿನಲ್ಲಿ ತಡೆದು ಮುಂಗಡ ಕೇಳಿದಳು. "ನೋಡೋಣಮ್ಮ" ಎಂದರು. ಮತ್ತೆ ಕೇಳಿದಳು. "ನೋಡೋಣ ಅಂದೆನಲ್ಲ" ಎಂದರು. ಮೂರನೆಯ ಸಲ ಕೇಳುವ ಹೊತ್ತಿಗೆ ಅವರು ಆಕೆಯನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗುತ್ತಿದ್ದರಂತೆ. ಅಂದು ಸಂಜೆ ಆಕೆ ನನ್ನೆದುರು ಕುಳಿತು ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ.

"ಮಾವ, ಅವರು ಕೊಡಲ್ಲ ಅನ್ನೋದಾದ್ರೆ ಅನ್ನಲಿ. ಆದ್ರೆ ಕೊಡಲ್ಲ ಅಂತ ಬರೆದು ಕೊಡಬೇಕು. ಅಂಥಾದ್ದು ಹೇಗೆ ಕೇಳೋದು?"

ಮೂವತ್ತು ವರ್ಷ ಶಾಖೆಯಲ್ಲಿದ್ದರೂ ನನಗೆ ವಿಷಯವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ಬಾಯಿಮಾತಿನ ಕೋರಿಕೆಗೆ ಸಿಗುವುದು ಬಾಯಿಮಾತಿನ ಉತ್ತರ. ಲಿಖಿತ ಕೋರಿಕೆಗೆ ಸ್ವೀಕೃತಿ ಮುದ್ರೆ ಬಿದ್ದರೆ ಯಾರಾದರೂ ಅದರ ಮೇಲೆ ಏನಾದರೂ ಬರೆಯಲೇಬೇಕು. ಅಂದು ಇಬ್ಬರೂ ಸೇರಿ ಒಂದು ಪುಟ ಬರೆದೆವು. ಅದು ಮಂಜೂರಾಯಿತು. ಆಮೇಲೆ ಲಾಂಡ್ರಿಯಲ್ಲಿ ಒಬ್ಬೊಬ್ಬರೇ ಬಂದು ಕೇಳತೊಡಗಿದರು. ಈಗ ಅಲ್ಲಿ ಆಕೆಗೆ "ಅರ್ಜಿ ಅಕ್ಕ" ಎಂದೇ ಹೆಸರು. ಇದಕ್ಕಾಗಿ ಯಾರಿಂದಲೂ ಒಂದು ಕಾಸು ಮುಟ್ಟಿದವಳಲ್ಲ. ಒಮ್ಮೆ ಯಾರೋ ಬಾಳೆಹಣ್ಣು ತಂದುಕೊಟ್ಟಾಗ, ಮಂಜೂರಾದ ಮೇಲೆ ಎಲ್ಲರೂ ಕೂಡಿ ತಿನ್ನೋಣ, ಈಗ ತಗೊಂಡರೆ ನನ್ನ ಬರವಣಿಗೆ ಕೊಳೆಯುತ್ತದೆ ಎಂದು ಹಿಂದಕ್ಕೆ ಕಳಿಸಿದ್ದಳು.

ಆಕೆಯ ಕೆಲಸದ ರೀತಿ ವಿಶಿಷ್ಟವಾದದ್ದು. ಚಾದರ ಮಡಿಸಲು ಇಬ್ಬರು ಬೇಕು. ಇಬ್ಬರೂ ಎರಡು ತುದಿ ಹಿಡಿದು ದೂರ ನಿಂತು, ಅಂಚು ಕೂಡಿಸಿ, ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಅರ್ಜಿ ಬೇಕೆಂದವರನ್ನು ಆಕೆ ಈ ಕೆಲಸಕ್ಕೆ ಜೊತೆಯಾಗಿ ಕರೆಯುತ್ತಾಳೆ. ದೂರ ನಿಂತಾಗ ಪ್ರಶ್ನೆ, ಹತ್ತಿರ ಬಂದಾಗ ಉತ್ತರ. "ಮುಖಕ್ಕೆ ಮುಖ ಕೊಟ್ಟು ಕೂರಿಸಿ ಕೇಳಿದ್ರೆ ಜನ ಕಥೆ ಹೇಳ್ತಾರೆ ಮಾವ. ಕೈಗೆ ಕೆಲಸ ಕೊಟ್ರೆ ನಿಜ ಹೇಳ್ತಾರೆ" ಎಂಬುದು ಆಕೆಯ ಅನುಭವ. ಎಷ್ಟು ಬೇಕು, ಯಾತಕ್ಕೆ, ಯಾವ ದಿನದೊಳಗೆ, ತಿಂಗಳಿಗೆ ಎಷ್ಟು ಹಿಡಿದರೆ ಮನೆ ನಡೆಯುತ್ತದೆ, ಹಳೆಯ ಮುಂಗಡ ಬಾಕಿ ಇದೆಯೇ: ಇಷ್ಟನ್ನು ತಿಳಿಯದೆ ಆಕೆ ಪೆನ್ನು ಮುಟ್ಟುವುದಿಲ್ಲ.

ಬರೆದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಅರ್ಜಿದಾರರು ಅದನ್ನು ಎದ್ದು ನಿಂತು, ಯಂತ್ರದ ಸದ್ದನ್ನೂ ಮೀರಿ ಕೇಳುವಂತೆ, ಆಕೆಗೆ ಓದಿ ಹೇಳಬೇಕು. ಓದಲು ಬಾರದವರಿಗೆ ಆಕೆ ಓದಿ, ಅವರಿಂದ ಹೇಳಿಸುತ್ತಾಳೆ. ಯಾವ ಸಾಲಿಗೆ ತಲೆ ತಗ್ಗುತ್ತದೋ ಆ ಸಾಲು ಹೊಡೆದುಹಾಕಬೇಕು. "ಕಾಲಿಗೆ ಬೀಳ್ತೀನಿ", "ನೀವೇ ದೇವರು", "ಬಡವರ ಮೇಲೆ ದಯೆ" ಎಂಬುವೆಲ್ಲ ಹೀಗೆಯೇ ಹೊರಟುಹೋದವು. ಒಮ್ಮೆ ನೆಲ ಒರೆಸುವ ಹೆಂಗಸೊಬ್ಬಳು ಆ ಸಾಲು ಬೇಕೇಬೇಕೆಂದು ಹಟ ಹಿಡಿದಳಂತೆ.

"ಅಕ್ಕ, ದೇವರು ಅಂತ ಬರೆದ್ರೆ ಅವರಿಗೆ ಖುಷಿಯಾಗಲ್ವಾ?"

"ಖುಷಿಯಾಗುತ್ತೆ. ದೇವರಿಗೆ ಕೈ ಮುಗಿದ ಮೇಲೆ ತಡವಾಯ್ತು ಅಂತ ಕೇಳೋಕಾಗುತ್ತಾ? ಸುಮ್ನೆ ಕಾಯಬೇಕು ಆಮೇಲೆ."

ಇನ್ನು ಬಾಯ್ಲರಿನವರ ವಿಷಯ. ಅವರನ್ನು ಲಾಂಡ್ರಿಯಲ್ಲಿ "ಹಬೆ ಅಣ್ಣ" ಎನ್ನುತ್ತಾರೆ. ಒಂಬತ್ತು ವರ್ಷದ ಸೇವೆ. ಬಾಯ್ಲರಿನ ಪಕ್ಕದಲ್ಲಿ ಕಿರುಚಿ ಕಿರುಚಿ ಅಭ್ಯಾಸವಾಗಿ, ಮನೆಯಲ್ಲಿಯೂ ಅವರ ದನಿ ಇಳಿಯುವುದಿಲ್ಲ. ಇದರ ಪರಿಣಾಮವಾಗಿ ಒಂದು ವಿಚಿತ್ರ ಸಂಗತಿ ನಡೆದಿತ್ತು. ಅವರ ಹೆಂಡತಿಗೆ ಕಿವಿ ಮಂದವಾಗುತ್ತ ಬಂದದ್ದು ಬಹುಕಾಲ ಇಬ್ಬರಿಗೂ ತಿಳಿಯಲೇ ಇಲ್ಲ. ಗಂಡನ ಮಾತು ಕೇಳಿಸುತ್ತಿತ್ತು. ಮಿಕ್ಕವರು ಯಾಕೋ ಗೊಣಗುತ್ತಾರೆ ಎಂದು ಆಕೆ ಭಾವಿಸಿದ್ದರು. ಮಗಳು ಊರಿಂದ ಫೋನು ಮಾಡಿದರೆ "ಸಿಗ್ನಲ್ ಇಲ್ಲ ಕಣೇ" ಎಂದು ಇಟ್ಟುಬಿಡುತ್ತಿದ್ದರು. ಕೊನೆಗೆ ಮಗಳೇ ಬಂದು ಪರೀಕ್ಷೆ ಮಾಡಿಸಿದಳು.

ಕಿವಿಯ ಕೇಂದ್ರದವರು ಎರಡು ಕಿವಿಗೂ ಯಂತ್ರ ಹಾಕಿ, ಮುಂಗಡವಾಗಿ ಹತ್ತು ಸಾವಿರ ಕಟ್ಟಿಸಿಕೊಂಡು, ಬಳಸಿ ನೋಡಿ ಎಂದು ಕೊಟ್ಟು ಕಳಿಸಿದರು. ಜೂನ್ ಮೂವತ್ತರೊಳಗೆ ಉಳಿದ ಮೂವತ್ತಾರು ಸಾವಿರ ಕಟ್ಟಬೇಕು, ಇಲ್ಲವೇ ಯಂತ್ರ ಹಿಂದಿರುಗಿಸಿ ಕಟ್ಟಿದ್ದನ್ನು ವಾಪಸು ಪಡೆಯಬೇಕು. ಮನೆಗೆ ಬಂದ ಮೊದಲ ದಿನ ಆಕೆ ಅಡುಗೆಮನೆಯ ನಲ್ಲಿಯ ಮುಂದೆ ನಿಂತು, "ಇದು ಯಾವಾಗಿಂದ ಹೀಗೆ ತೊಟ್ಟಿಕ್ತಿದೆ?" ಎಂದು ಕೇಳಿದರಂತೆ. ಎರಡು ವರ್ಷದಿಂದ ಎಂದಾಗ, "ಎರಡು ವರ್ಷದಿಂದ ರಿಪೇರಿ ಮಾಡಿಸದೆ ನನಗೆ ಕೇಳಿಸದೇ ಇದ್ದಿದ್ದಕ್ಕೆ ನೆಮ್ಮದಿಯಾಗಿದ್ರಿ ನೀವು" ಎಂದು ಗಂಡನನ್ನು ಬೈದರಂತೆ. ಹಬೆ ಅಣ್ಣ ಇದನ್ನು ಹೇಳುವಾಗ ಬೈಸಿಕೊಂಡದ್ದನ್ನು ಬಹುಮಾನ ಬಂದಂತೆ ಹೇಳುತ್ತಿದ್ದರು.

ಮೂವತ್ತಾರು ಸಾವಿರ ಅವರಲ್ಲಿರಲಿಲ್ಲ. ಜೂನ್ ಒಂಬತ್ತರಂದು ಅವರು ಸಿಬ್ಬಂದಿ ಅಧಿಕಾರಿಗಳಿಗೆ ಮೊಬೈಲಿನಲ್ಲಿ ಬರೆದರು: "ಸಾರ್ ಅಡ್ವಾನ್ಸ್ ಬೇಕಿತ್ತು 40 ಸಾವಿರ ಅರ್ಜೆಂಟ್ ಮನೇಲಿ ಪ್ರಾಬ್ಲಂ ದಯವಿಟ್ಟು ಇಲ್ಲ ಅನ್ಬೇಡಿ ನೀವೇ ದೇವರು." ಅಂದು ಸೊಸೆ ರಜೆಯಲ್ಲಿದ್ದಳು, ಇದ್ದಿದ್ದರೆ ಈ ಸಂದೇಶ ಹೋಗುತ್ತಿರಲಿಲ್ಲ. ಅಧಿಕಾರಿಗಳು ಅದನ್ನು ಹಾಗೆಯೇ ಎತ್ತಿ ಗುಂಪಿಗೆ ಹಾಕಿ, ಕೆಳಗೆ ಬರೆದರು: "ಮುಂಗಡ ಕೇಳುವುದು ಹೀಗಲ್ಲ. ಎಲ್ಲರೂ ಗಮನಿಸಿ." ಜೊತೆಗೊಂದು ನಗುವ ಮುಖ. ಅಧಿಕಾರಿಗಳೇ ನಕ್ಕ ಮೇಲೆ ಉಳಿದವರಿಗೇನು, ಮುಖದ ಮೇಲೆ ಮುಖ, ಪರದೆ ತುಂಬ ನಗು ಬಂದುಬಿದ್ದಿತು. ಯಾರೋ ಒಬ್ಬ "ದೇವರಿಗೆ ಅರ್ಜೆಂಟ್ ಪ್ರಾಬ್ಲಂ" ಎಂದು ಬರೆದ.

ಮುಂಗಡ ಕೇಳುವುದು ಹೀಗಲ್ಲ ಎಂಬುದು ನಿಜ. ಹಾಗಾದರೆ ಹೇಗೆ ಎಂಬುದನ್ನು ಅದೇ ಜಾಗದಲ್ಲಿ ಎರಡು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ.

ಮರುದಿನದಿಂದ ಹಬೆ ಅಣ್ಣ ಊಟದ ಡಬ್ಬಿಯನ್ನು ಬಾಯ್ಲರ್ ಕೋಣೆಯಲ್ಲೇ ಬಿಚ್ಚತೊಡಗಿದರು. ಸೊಸೆ ಅವರನ್ನು ಮಡಿಸುವ ಮೇಜಿಗೆ ಕರೆದಳು. ಬಾಯ್ಲರಿನವರು ಚಾದರ ಮಡಿಸುವ ಪದ್ಧತಿಯಿಲ್ಲ. ಅವರು ತುದಿಯನ್ನು ಬಿಸಿ ಪೈಪು ಹಿಡಿದಂತೆ ಹಿಡಿದಿದ್ದರಂತೆ. ಆ ಮಾತುಕತೆಯನ್ನು ಆಕೆ ಮನೆಗೆ ಬಂದು ನನಗೆ ಹೇಳಿದಳು.

"ನಲವತ್ತು ಯಾಕೆ ಕೇಳಿದ್ರಿ ಅಣ್ಣ?"

"ನಲವತ್ತು ಕೇಳಿದ್ರೆ ಮೂವತ್ತಾದ್ರೂ ಕೊಡ್ತಾರೆ ಅಂತ."

"ಬೇಕಾಗಿರೋದು ಎಷ್ಟು?"

"ಮೂವತ್ತಾರು."

"ಹಾಗಾದ್ರೆ ಮೂವತ್ತು ಕೊಟ್ಟಿದ್ರೆ ಏನ್ ಮಾಡ್ತಿದ್ರಿ? ಒಂದೂವರೆ ಕಿವಿ ತರ್ತಿದ್ರಾ?"

ಅವರು ನಕ್ಕರಂತೆ. ಸಂದೇಶ ಗುಂಪಿಗೆ ಬಿದ್ದ ಮೇಲೆ ಅದೇ ಮೊದಲ ನಗು.

ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಆಸ್ಪತ್ರೆಯ ಸೇವಾ ನಿಯಮಗಳ ಪ್ರತಿಯನ್ನು ಸೊಸೆ ಮೊದಲೇ ತಂದಿಟ್ಟಿದ್ದಳು. ಮೂರು ವರ್ಷ ಸೇವೆ ಮುಗಿಸಿದವರು ಎರಡು ತಿಂಗಳ ಸಂಬಳ ಮೀರದಂತೆ ಮುಂಗಡ ಕೋರಬಹುದು, ಹೆಚ್ಚೆಂದರೆ ಹನ್ನೆರಡು ಕಂತು, ಹಿಂದಿನದು ತೀರಿರಬೇಕು. ಅವರ ಸಂಬಳ ಇಪ್ಪತ್ತೊಂದು ಸಾವಿರ. ಮೂವತ್ತಾರು ಮಿತಿಯೊಳಗೇ ಇತ್ತು. ತಿಂಗಳಿಗೆ ಮೂರು ಸಾವಿರ ಹಿಡಿಸಿಕೊಂಡರೆ ಮನೆ ನಡೆಯುತ್ತದೆ ಎಂದರು. ಎಲ್ಲವೂ ಸರಿಹೋಯಿತು, ಕಾರಣದಲ್ಲಿ ಮಾತ್ರ ಗಾಡಿ ನಿಂತಿತು.

"ಮನೇಲಿ ಪ್ರಾಬ್ಲಂ ಅಂತಾನೇ ಇರಲಿ ಬಿಡಮ್ಮ."

"ಅಣ್ಣ, ಪ್ರಾಬ್ಲಂ ಎಲ್ಲರ ಮನೇಲೂ ಇದೆ. ಅವರು ಓದಿದ ತಕ್ಷಣ ಇದು ಇಂಥದ್ದು ಅಂತ ಗೊತ್ತಾಗಬೇಕು. ಅಕ್ಕನ ಕಿವಿ ಮಷೀನು ಅಂತ ಬರೆಯೋಣ."

"ಬೇಡ." ಅವರ ದನಿ ಮೊದಲ ಬಾರಿಗೆ ತಗ್ಗಿತು. "ನನ್ನನ್ನ ನೋಡಿ ನಕ್ಕಿದ್ದು ಸಾಕು. ಅವಳನ್ನ ಕಿವುಡಿ ಅಂತ ಅಂದ್ರೆ ನಾನು ಅಲ್ಲಿ ಕೆಲಸ ಮಾಡೋಕಾಗಲ್ಲ."

ನಾನು ನನ್ನ ಅನುಭವದಿಂದ ಒಂದು ಸಾಲು ಸೂಚಿಸಿದೆ: "ಅನಿವಾರ್ಯವಾದ ಕೌಟುಂಬಿಕ ಸನ್ನಿವೇಶದ ಹಿನ್ನೆಲೆಯಲ್ಲಿ ತಮ್ಮ ಸಹಾನುಭೂತಿಪೂರ್ಣ ಪರಿಶೀಲನೆಯನ್ನು ಪ್ರಾರ್ಥಿಸುತ್ತಾ."

ಸೊಸೆ ಅದನ್ನು ಹಬೆ ಅಣ್ಣನ ಕೈಯಲ್ಲಿ ಓದಿಸಿದಳು. ಅವರು "ಸಹಾನು" ಎಂಬಲ್ಲಿ ಉಸಿರು ಎಳೆದುಕೊಂಡರು.

"ಮಾವ, ಇದು ಅವರ ಬಾಯಲ್ಲಿ ಕೂರಲ್ಲ. ಅದೂ ಅಲ್ಲದೆ ಇಷ್ಟುದ್ದ ಬರೆದೂ ಏನು ಅಂತ ಹೇಳಲೇ ಇಲ್ಲವಲ್ಲ ನೀವು."

ನಾನು ಕಾಫಿ ಕುಡಿಯಲು ಒಳಗೆ ಹೋದೆ. ಬರುವಷ್ಟರಲ್ಲಿ ಆಕೆ ದಾರಿ ಹುಡುಕಿದ್ದಳು. ಅರ್ಜಿಯಲ್ಲಿ ಕುಟುಂಬದ ಸದಸ್ಯರೊಬ್ಬರಿಗೆ ವೈದ್ಯರು ಸೂಚಿಸಿದ ಉಪಕರಣ ಎಂದಷ್ಟೇ ಬರೆಯುವುದು. ವೈದ್ಯರ ಚೀಟಿಯನ್ನೂ ದರಪಟ್ಟಿಯನ್ನೂ ಮುಚ್ಚಿದ ಲಕೋಟೆಯಲ್ಲಿಟ್ಟು, ಅಧಿಕಾರಿಗಳ ಪರಿಶೀಲನೆಗೆ ಮಾತ್ರ ಎಂದು ಮೇಲೆ ಬರೆದು ಲಗತ್ತಿಸುವುದು. ಸಮರ್ಥನೆಯೂ ಆಯಿತು, ಮನೆಯ ಮಾನವೂ ಉಳಿಯಿತು. ಹಬೆ ಅಣ್ಣ ನಮ್ಮ ನಡುಮನೆಯಲ್ಲಿ ಎದ್ದು ನಿಂತು ಪೂರ್ತಿ ಓದಿದರು. ತಲೆ ಎಲ್ಲಿಯೂ ತಗ್ಗಲಿಲ್ಲ. ಓದು ಮುಗಿಸಿ, "ಇದನ್ನ ಕೇಳಿದ್ರೆ ನಾನು ಸಾಲ ಕೇಳ್ತಿದೀನಿ ಅನ್ಸೋದೇ ಇಲ್ಲ" ಎಂದರು.

"ಸಾಲ ಎಲ್ಲಿ ಬಂತಣ್ಣ? ನೀವು ದುಡಿಯೋ ಸಂಬಳ. ಒಂದಿಷ್ಟು ಮುಂಚೆ ಕೇಳ್ತಿದೀರಿ, ಅಷ್ಟೇ."

ಜೂನ್ ಹದಿನಾರರಂದು ಅರ್ಜಿ ಹೋಯಿತು, ಸ್ವೀಕೃತಿ ಮುದ್ರೆಯೂ ಬಿದ್ದಿತು. ಇಪ್ಪತ್ತರಂದು ನಾನು ಮೊದಲು ಹೇಳಿದ ಕೆಂಪು ಷರಾದೊಂದಿಗೆ ಹಿಂದಿರುಗಿತು. ಲಕೋಟೆಯನ್ನು ಒಡೆದೇ ಇರಲಿಲ್ಲ. ಕೊಡುವಾಗ ಅಧಿಕಾರಿಗಳು, "ಯಾವ ವಕೀಲರ ಹತ್ರ ಬರೆಸಿದ್ರಿ?" ಎಂದು ಕೇಳಿದರೆಂದು ಹಬೆ ಅಣ್ಣ ನನಗೆ ಹೇಳಿದ್ದಾರೆ.

ನಾನು ಆ ರಾತ್ರಿಯೇ ನಾಲ್ಕು ಪುಟದ ಆಕ್ಷೇಪಣೆಯೊಂದನ್ನು ಮನಸ್ಸಿನಲ್ಲಿ ಸಿದ್ಧಪಡಿಸಿದ್ದೆ. ಸೊಸೆ ಒಪ್ಪಲಿಲ್ಲ. "ನಿಮ್ಮ ಜಗಳ ಗೆಲ್ಲುತ್ತೆ ಮಾವ, ಜುಲೈಯಲ್ಲಿ. ಅಕ್ಕನ ಕಿವಿ ಜೂನ್ ಮೂವತ್ತಕ್ಕೆ ಹೋಗುತ್ತೆ." ನನ್ನ ಮಗ ತಟ್ಟೆಯಿಂದ ತಲೆ ಎತ್ತದೆ, "ಅಪ್ಪ, ಸುಮ್ನೆ ಊಟ ಮಾಡಿ" ಎಂದ. ಮಾಡಿದೆ.

ಆ ಭಾನುವಾರ ಮಧ್ಯಾಹ್ನ ಹಬೆ ಅಣ್ಣ ಹೆಂಡತಿಯನ್ನು ಕರೆದುಕೊಂಡು ಬಂದರು. ಬಂದದ್ದು ಅರ್ಜಿಗಲ್ಲ. ಮರುದಿನವೇ ಯಂತ್ರ ಹಿಂದಿರುಗಿಸಲು ತೀರ್ಮಾನಿಸಿದ್ದರು. ಸೊಸೆ ಇಷ್ಟು ಕಷ್ಟಪಟ್ಟಳಲ್ಲ, ಹೇಳಿ ಹೋಗೋಣವೆಂದು ಬಂದಿದ್ದರು. ಹಬೆ ಅಣ್ಣನ ಹೆಂಡತಿ ಸಣ್ಣ ಮೈಕಟ್ಟಿನವರು, ಹೊಲಿಗೆ ಕೆಲಸ ಮಾಡುವವರು. ಕಿವಿಯ ಹಿಂದೆ ಹುರುಳಿಕಾಳಿನ ಬಣ್ಣದ ಪುಟ್ಟ ಯಂತ್ರ. ಕೂದಲನ್ನು ಅದರ ಮೇಲೆ ಜೋಪಾನವಾಗಿ ಬಾಚಿದ್ದರು. ನಮ್ಮ ಮನೆಯ ಫ್ಯಾನಿನ ಕಿರಿಕಿರಿ ಕೇಳಿ ಮೇಲೆ ನೋಡಿ, "ಇದಕ್ಕೂ ಎಣ್ಣೆ ಬೇಕು" ಎಂದರು. ನನ್ನ ಮಗ ನಾಚಿಕೊಂಡ.

ಷರಾ ಬರೆದ ಅರ್ಜಿಯನ್ನು ಆಕೆ ಕೇಳಿ ತೆಗೆದುಕೊಂಡು ನಿಧಾನವಾಗಿ ಓದಿದರು. ಎರಡು ಸಲ ಓದಿದರು.

"ಕುಟುಂಬದ ಸದಸ್ಯರೊಬ್ಬರು ಅಂದ್ರೆ ಯಾರು?"

"ನೀವೇ ಅಕ್ಕ" ಎಂದಳು ಸೊಸೆ.

"ಮತ್ತೆ ನನ್ನ ಹೆಂಡತಿ ಅಂತ ಬರೆಯೋಕೇನು?" ಎಂದು ಗಂಡನತ್ತ ತಿರುಗಿದರು.

ಹಬೆ ಅಣ್ಣ ನೆಲ ನೋಡಿದರು. "ನಿನ್ನನ್ನ ನೋಡಿ ನಗಬಾರದು ಅಂತ."

"ಯಾಕೆ ನಗ್ತಾರೆ?"

ಆಗ ಅವರು ಗುಂಪಿನ ವಿಷಯವನ್ನು ಹೆಂಡತಿಗೆ ಮೊದಲ ಬಾರಿಗೆ ಹೇಳಿದರು. ಮಾಮೂಲಿನ ಎತ್ತರದ ದನಿಯಲ್ಲಲ್ಲ, ಬಹಳ ಮೆಲ್ಲಗೆ. ಆಕೆ ಒಂದು ಮಾತನ್ನೂ ಮತ್ತೆ ಹೇಳಿ ಎನ್ನಲಿಲ್ಲ; ಎಲ್ಲವೂ ಕೇಳಿಸಿತ್ತು. ಅದು ಅವರಿಬ್ಬರಿಗೂ ಒಂದೇ ಹೊತ್ತಿಗೆ ಅರಿವಾಯಿತೆಂದು ನನಗೆ ತೋರಿತು.

"ಇಷ್ಟು ದಿನ ಇದನ್ನ ಹೊತ್ಕೊಂಡು ಬಾಯ್ಲರ್ ಕೋಣೇಲಿ ಒಬ್ಬರೇ ಊಟ ಮಾಡ್ತಿದ್ರಾ?" ಎಂದರು ಆಕೆ. ನಂತರ ಸೊಸೆಗೆ ಹೇಳಿದರು: "ನನ್ನ ಕಿವಿ ಕೇಳಲ್ಲ ಅಂತಾನೇ ಬರಿಯಮ್ಮ. ಕಿವಿ ನಂದು. ನನಗಿಲ್ಲದ ನಾಚಿಕೆ ಇವರಿಗ್ಯಾಕೆ?"

"ಲಕೋಟೆ?"

"ಲಕೋಟೆ ಯಾತಕ್ಕೆ? ಅದೇನು ಕದ್ದ ಮಾಲಾ?"

ಸೊಸೆ ಹೊಸ ಹಾಳೆ ತೆಗೆದಳು. ವಿಷಯದ ಸಾಲು ಹೀಗಾಯಿತು: "ಪತ್ನಿಯ ಶ್ರವಣ ಯಂತ್ರಕ್ಕಾಗಿ ಸಂಬಳದ ಮುಂಗಡ ಕೋರಿ." ಒಳಗಿನ ಒಕ್ಕಣೆಯನ್ನು ಪೂರ್ತಿ ಕೊಡುತ್ತೇನೆ, ಇದರಲ್ಲಿ ವಕೀಲರ ಕೈ ಎಲ್ಲಿದೆಯೆಂದು ಓದುಗರೇ ಹುಡುಕಲಿ.

"ಮಾನ್ಯರೆ, ನಾನು ಲಾಂಡ್ರಿ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಬಾಯ್ಲರ್ ನೋಡಿಕೊಳ್ಳುತ್ತಿದ್ದೇನೆ. ನನ್ನ ಪತ್ನಿಗೆ ಎರಡು ಕಿವಿಯೂ ಸರಿಯಾಗಿ ಕೇಳುವುದಿಲ್ಲ. ವೈದ್ಯರು ಶ್ರವಣ ಯಂತ್ರ ಸೂಚಿಸಿದ್ದಾರೆ. ಬಳಸಿ ನೋಡಿದ್ದೇವೆ, ಚೆನ್ನಾಗಿ ಕೇಳಿಸುತ್ತಿದೆ. ಬೆಲೆಯಲ್ಲಿ ಹತ್ತು ಸಾವಿರ ಕಟ್ಟಿದ್ದೇನೆ. ಉಳಿದ ಮೂವತ್ತಾರು ಸಾವಿರವನ್ನು ಜೂನ್ ಮೂವತ್ತರೊಳಗೆ ಕಟ್ಟದಿದ್ದರೆ ಯಂತ್ರ ಹಿಂದಿರುಗಿಸಬೇಕಾಗುತ್ತದೆ. ಸೇವಾ ನಿಯಮದಂತೆ ಈ ಮೊತ್ತವನ್ನು ಮುಂಗಡವಾಗಿ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಜುಲೈ ಸಂಬಳದಿಂದ ತಿಂಗಳಿಗೆ ಮೂರು ಸಾವಿರದಂತೆ ಹನ್ನೆರಡು ಕಂತುಗಳಲ್ಲಿ ಕಡಿತಕ್ಕೆ ಒಪ್ಪಿದ್ದೇನೆ. ಹಿಂದಿನ ಮುಂಗಡ ಯಾವುದೂ ಬಾಕಿ ಇಲ್ಲ. ವೈದ್ಯರ ಚೀಟಿ, ದರಪಟ್ಟಿ, ಕಟ್ಟಿದ ಹಣದ ರಸೀದಿ ಲಗತ್ತಿಸಿದೆ."

"ಬಳಸಿ ನೋಡಿದ್ದೇವೆ, ಚೆನ್ನಾಗಿ ಕೇಳಿಸುತ್ತಿದೆ" ಎಂಬುದು ಹಬೆ ಅಣ್ಣನ ಹೆಂಡತಿ ಹೇಳಿ ಸೇರಿಸಿದ ಸಾಲು. ಮುಂಗಡದ ಅರ್ಜಿಯಲ್ಲಿ ಅದಕ್ಕೆ ಸ್ಥಾನವಿದೆಯೇ ಎಂದು ನಾನು ಸಂದೇಹಪಟ್ಟೆ. "ಹಣ ಕೊಡೋರಿಗೆ ಮಾಲು ಕೆಲಸ ಮಾಡುತ್ತೆ ಅಂತ ಗೊತ್ತಾಗಬೇಡ್ವಾ?" ಎಂದರು. ಸಂದೇಹ ಹಿಂತೆಗೆದುಕೊಂಡೆ.

ಇದೆಲ್ಲ ಆದ ಮೇಲೆ ಸೊಸೆ ಅರ್ಜಿಯ ಕೊನೆಯಲ್ಲಿ ತಾನೇ ಒಂದು ಸಾಲು ಸೇರಿಸಿದಳು. ಹಳೆಯ ಕ್ರಯಪತ್ರಗಳಲ್ಲಿ ಬರೆದವನ ಸಹಿಗೆ ಬಿಕ್ಕಲಂ ಎಂಬ ಹೆಸರಿನಲ್ಲಿ ಒಂದು ಜಾಗವಿರುತ್ತಿತ್ತು. ಪತ್ರ ಯಾರದೋ, ಕೈ ಯಾರದೋ, ಎರಡೂ ಬೆಳಕಿನಲ್ಲಿರಲಿ ಎಂದು. ಅದನ್ನು ನಾನು ಎಂದೋ ಮಾತಿಗೆ ಹೇಳಿದ್ದೆ. ಆಕೆ ಬರೆದಳು: "ಅರ್ಜಿದಾರರು ಹೇಳಿದಂತೆ ಬರೆದು, ಓದಿ ಕೇಳಿಸಿದವರು." ಕೆಳಗೆ ತನ್ನ ಸಹಿ, ತನ್ನ ನೌಕರ ಸಂಖ್ಯೆ. ಅದರ ಪಕ್ಕದಲ್ಲಿ ಹಬೆ ಅಣ್ಣ, "ಓದಿದ್ದೇನೆ, ಒಪ್ಪಿದ್ದೇನೆ" ಎಂದು ಬರೆದು ಸಹಿ ಹಾಕಿದರು.

"ಅವರು ನಿನ್ನ ಮೇಲೆ ಬಂದರೆ?" ಎಂದು ನಾನು ಕೇಳಿದೆ.

"ಬರಲಿ ಮಾವ. ಯಾರು ಬರೆದಿದ್ದು ಅಂತ ತಾನೇ ಅವರ ಪ್ರಶ್ನೆ? ಉತ್ತರ ಅಲ್ಲೇ ಇದೆ."

ಸೋಮವಾರ ಅರ್ಜಿ ಮತ್ತೆ ಹೋಯಿತು. ಮಂಗಳವಾರ ಅಧಿಕಾರಿಗಳು ಇಬ್ಬರನ್ನೂ ಕೋಣೆಗೆ ಕರೆದರು. ಅಲ್ಲಿ ನಡೆದದ್ದನ್ನು ನಾನು ಇಬ್ಬರಿಂದಲೂ ಪ್ರತ್ಯೇಕವಾಗಿ ಕೇಳಿದ್ದೇನೆ, ಹೇಳಿಕೆಗಳು ತಾಳೆಯಾಗುತ್ತವೆ.

ಅಧಿಕಾರಿಗಳು ವಯಸ್ಸಿನಲ್ಲಿ ಚಿಕ್ಕವರು. ಅರ್ಜಿಯನ್ನು ಮೇಜಿನ ಮೇಲಿಟ್ಟು, "ಸ್ವಂತ ಮಾತಿನಲ್ಲಿ ಅಂದಿದ್ದೆನಲ್ಲ" ಎಂದರು.

ಹಬೆ ಅಣ್ಣ ಹೇಳಿದರು: "ಸಾರ್, ನನ್ನ ಮಾತು ನಿಮ್ಮ ಮೊಬೈಲಲ್ಲಿದೆ. ಗುಂಪಿನಲ್ಲೂ ಇದೆ. ಎಲ್ಲರೂ ಓದಿದ್ದಾರೆ. ಇದು ನಾನು ಒಪ್ಪಿದ ಮಾತು."

ಬಾಯ್ಲರಿನ ಅಭ್ಯಾಸದ ದನಿ. ಹೊರಗೆ ಕುಳಿತಿದ್ದ ಗುಮಾಸ್ತರೆಲ್ಲರಿಗೂ ಕೇಳಿಸಿತಂತೆ. ಅಧಿಕಾರಿಗಳ ಮುಖ ಕೆಂಪಾಯಿತು. ಸೊಸೆಯತ್ತ ತಿರುಗಿ, "ಇನ್ನು ಎಷ್ಟು ಜನಕ್ಕೆ ಬರೆದುಕೊಟ್ಟಿದ್ದೀರಿ?" ಎಂದರು.

"ಕೇಳಿದವರಿಗೆಲ್ಲ ಬರೆದಿದ್ದೀನಿ ಸಾರ್. ನಿಮಗೂ ಓದೋಕೆ ಸುಲಭ ಆಗುತ್ತೆ ಅಂತ."

ಅವರು ಅರ್ಜಿಯನ್ನು ಮತ್ತೊಮ್ಮೆ ಓದಿದರು. ಈ ಸಲ ಲಗತ್ತುಗಳನ್ನೂ ನೋಡಿದರು. ದರಪಟ್ಟಿ ನೋಡುವಾಗ ಅವರು ಕೇಳಿದ ಪ್ರಶ್ನೆಯನ್ನು ನ್ಯಾಯಕ್ಕಾಗಿ ಇಲ್ಲಿ ದಾಖಲಿಸಬೇಕು: "ಇದು ನಿಜವಾಗ್ಲೂ ಚೆನ್ನಾಗಿ ಕೇಳಿಸುತ್ತಾ? ನಮ್ಮಮ್ಮನಿಗೂ ಒಂದು ನೋಡಬೇಕು."

"ನಲ್ಲಿ ತೊಟ್ಟಿಕ್ಕೋದೂ ಕೇಳಿಸುತ್ತೆ ಸಾರ್. ಬೈಗುಳ ಜಾಸ್ತಿ ಆಗುತ್ತೆ, ಅದಕ್ಕೆ ತಯಾರಾಗಿರಿ" ಎಂದರು ಹಬೆ ಅಣ್ಣ.

ಶುಕ್ರವಾರ ಮಂಜೂರಾತಿ ಬಂದಿತು. ಶನಿವಾರ ಹಣ ಕೈಸೇರಿತು. ಅಂದು ಸಂಜೆಯೇ ಗಂಡಹೆಂಡತಿ ಕಿವಿಯ ಕೇಂದ್ರಕ್ಕೆ ಹೋಗಿ ಬಾಕಿ ಕಟ್ಟಿ, ಅಲ್ಲಿಂದ ನಮ್ಮ ಮನೆಗೆ ಬಂದರು. ಆಕೆ ಸೊಸೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಏನನ್ನೋ ಅವಳ ಕಿವಿಯಲ್ಲಿ ಪಿಸುಗುಟ್ಟಿದರು. ಏನೆಂದು ನಾನು ಕೇಳಲಿಲ್ಲ, ಸೊಸೆಯೂ ಹೇಳಲಿಲ್ಲ. ನಮ್ಮ ಸೊಸೆ ಮೆಲ್ಲಗೆ ಉತ್ತರ ಕೊಟ್ಟದ್ದನ್ನು ಮಾತ್ರ ನಾನು ಅಂದೇ ಮೊದಲು ಕಂಡೆ.

ಹಣ ಬಂದಿತಲ್ಲ, ಇನ್ನೇಕೆ ಈ ಬರಹ ಎಂದು ಮಗ ಕೇಳುತ್ತಾನೆ. ಕಾರಣವಿದೆ. ಹಣ ಬಂದದ್ದು ಎರಡನೆಯ ಅರ್ಜಿಗೆ. ಮೊದಲನೆಯದರ ನಕಲು ಕೆಂಪು ಷರಾದೊಂದಿಗೆ ಅವರ ಸೇವಾ ಕಡತದಲ್ಲಿ ಕುಳಿತಿದೆ. ನಾಳೆ ಯಾರಾದರೂ ತೆರೆದರೆ, ಈ ನೌಕರ ಬೇರೆಯವರ ಮಾತನ್ನು ತನ್ನದೆಂದು ತಂದವನು ಎಂದೇ ಓದುತ್ತಾರೆ. ಇನ್ನು ಗುಂಪಿನಲ್ಲಿ ಅವರ ಸಂದೇಶ, ನಗುವ ಮುಖಗಳ ಸಮೇತ, ಈ ಸಾಲು ಬರೆಯುವ ಹೊತ್ತಿನವರೆಗೂ ಇದೆ. ಅದನ್ನು ನೋಡಿದ ಮೇಲೆ ಲಾಂಡ್ರಿಯ ಇಬ್ಬರು, ತಮಗೆ ಅಗತ್ಯವಿದ್ದರೂ, ಮುಂಗಡ ಕೇಳುವುದನ್ನೇ ಬಿಟ್ಟು ಹೊರಗಿನ ಬಡ್ಡಿಯವರ ಬಳಿ ಹೋಗಿದ್ದಾರೆಂದು ಸೊಸೆ ಹೇಳಿದಳು. ಅವರ ಅರ್ಜಿಗೆ ಷರಾ ಬರೆಯುವ ಕಷ್ಟ ಅಧಿಕಾರಿಗಳಿಗೆ ತಪ್ಪಿತು. ಬಡ್ಡಿಯನ್ನು ಕಟ್ಟುವವರು ಆ ಇಬ್ಬರು.

ಆದ್ದರಿಂದ ಆಸ್ಪತ್ರೆಯ ಆಡಳಿತ ಮಂಡಳಿಯವರಿಗೂ ಸಿಬ್ಬಂದಿ ಅಧಿಕಾರಿಗಳಿಗೂ ನನ್ನ ಆಗ್ರಹ ಇದು. ಜೂನ್ ಒಂಬತ್ತರ ಸಂದೇಶವನ್ನು ಗುಂಪಿನಿಂದ ಅಳಿಸಿ, ಅದನ್ನು ಹಾಕಿದ್ದು ತಪ್ಪಾಯಿತೆಂದು ಅದೇ ಗುಂಪಿನಲ್ಲಿ, ಅದೇ ಕೈಯಿಂದ, ನಗುವ ಮುಖವಿಲ್ಲದೆ ಬರೆಯಿರಿ. ಜೂನ್ ಇಪ್ಪತ್ತರ ಷರಾವನ್ನು ಲಿಖಿತವಾಗಿ ರದ್ದುಪಡಿಸಿ, ರದ್ದತಿಯ ಪ್ರತಿಯನ್ನು ಅರ್ಜಿದಾರರಿಗೆ ಕೊಡಿ. ಮುಂಗಡದ ಅರ್ಜಿಯನ್ನು ಮೊತ್ತ, ಕಾರಣ, ದಾಖಲೆ, ಕಂತು ಇವುಗಳ ಮೇಲೆ ಪರಿಶೀಲಿಸಿರಿ. ಬರೆದ ಕೈ ಯಾರದೆಂಬುದರ ಮೇಲಲ್ಲ. ನಿಮಗೆ ಇದಕ್ಕೆ ಒಪ್ಪಿಗೆಯಿಲ್ಲದಿದ್ದರೆ, ಇಲ್ಲ ಎಂಬುದನ್ನು ಕಾರಣಸಹಿತ ಬರೆದು, ಸಹಿ ಹಾಕಿ ಕಳಿಸಿಕೊಡಿ.